ಆ ಕಾಲಂ ಖಾಲಿ ಬಿಟ್ಟರೆ ಏನಾಗುತ್ತದೆ?

ಇನ್ನೂರು ರೂಪಾಯಿಯ ಟವೆಲ್ ಕೊಂಡವರಿಗೂ ಬಿಲ್ ಕೌಂಟರಿನಲ್ಲಿ ಮೊದಲು ಬರುವ ಪ್ರಶ್ನೆ ಹಣದ್ದಲ್ಲ. ‘ಮೊಬೈಲ್ ನಂಬರ್ ಹೇಳಿ ಮೇಡಂ.’ ಹಿಂದೆ ಆರೇಳು ಜನ ನಿಂತಿರುತ್ತಾರೆ, ಮಗು ಕೈ ಜಗ್ಗುತ್ತಿರುತ್ತದೆ. ಹತ್ತು ಅಂಕಿ ಎಲ್ಲರಿಗೂ ಕೇಳುವ ಹಾಗೆ ಬಾಯಿಂದ ಹೊರಬಿದ್ದುಬಿಡುತ್ತವೆ. ಮರುವಾರದಿಂದ ಸೀರೆ ಮೇಳ, ಸೈಟು, ಸಾಲದ ಸಂದೇಶಗಳ ಸುಗ್ಗಿ.

ಆ ನಂಬರ್ ಇಲ್ಲದಿದ್ದರೆ ಬಿಲ್ ಆಗುವುದಿಲ್ಲವೇ? ಜಿಎಸ್‌ಟಿ ನಿಯಮ ಹಾಗೆ ಹೇಳುವುದಿಲ್ಲ. ಜಿಎಸ್‌ಟಿ ನೋಂದಣಿ ಇಲ್ಲದ ಸಾಮಾನ್ಯ ಗ್ರಾಹಕರು 50,000 ರೂಪಾಯಿಗಿಂತ ಕಡಿಮೆ ಮೌಲ್ಯದ ಸರಕು ಕೊಂಡಾಗ, ತಾವಾಗಿ ಕೇಳದ ಹೊರತು ಬಿಲ್ಲಿನ ಮೇಲೆ ಅವರ ಹೆಸರು, ವಿಳಾಸವೂ ಬೇಕಿಲ್ಲ. ಮೊತ್ತ ಅದನ್ನು ಮುಟ್ಟಿದರೆ ಹೆಸರು, ವಿಳಾಸ ಬರೆಯಬೇಕು. ಖರೀದಿದಾರರ ಮೊಬೈಲ್ ನಂಬರ್ ಮಾತ್ರ ಆ ಪಟ್ಟಿಯಲ್ಲೇ ಇಲ್ಲ. ಗ್ರಾಹಕರ ನಂಬರಿಗಾಗಿ ಪಟ್ಟು ಹಿಡಿಯಬೇಡಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಸೂಚನೆಯನ್ನೂ ಕೊಟ್ಟಿತ್ತು. ಅದೇ ಅಂಗಡಿಯಿಂದ ಫ್ರಿಜ್ ಮನೆಗೆ ಬರಬೇಕೆಂದರೆ ಲೆಕ್ಕ ಬೇರೆ. ಗಾಡಿಯವನು ದಾರಿ ಕೇಳಲು ಯಾರಿಗೆ ಫೋನ್ ಮಾಡಬೇಕು? ಅಲ್ಲಿ ನಂಬರಿಗೊಂದು ಕೆಲಸವಿದೆ.

ಯಾವ ಅರ್ಜಿಯ ಮುಂದೆ ಕುಳಿತಾಗಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಈ ವಿವರ ಇಲ್ಲದಿದ್ದರೆ ಅವರ ಯಾವ ಕೆಲಸ ನಿಲ್ಲುತ್ತದೆ? ಕಾಲಂ ಪಕ್ಕದ ಕೆಂಪು ನಕ್ಷತ್ರವನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಅದನ್ನು ಅಲ್ಲಿ ಇಟ್ಟವರು ಅರ್ಜಿ ತಯಾರಿಸಿದವರೇ ಹೊರತು ಕಾನೂನಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಒಂದು ಉದಾಹರಣೆಯ ಮೂಲಕ ಇದನ್ನೇ ಹೇಳುತ್ತದೆ. ಮೊಬೈಲಿನಲ್ಲೇ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಒಂದು, ಚಿಕಿತ್ಸೆಯ ವಿವರದ ಜೊತೆಗೆ ಫೋನಿನಲ್ಲಿರುವ ಎಲ್ಲರ ನಂಬರುಗಳನ್ನೂ ನೋಡಲು ಒಪ್ಪಿಗೆ ಕೇಳುತ್ತದೆ. ಬಳಕೆದಾರರು ಎರಡಕ್ಕೂ ‘ಹೂಂ’ ಅನ್ನುತ್ತಾರೆ. ವೈದ್ಯರ ಸಲಹೆಗೆ ನೆಂಟರಿಷ್ಟರ ನಂಬರುಗಳ ಅಗತ್ಯವಿಲ್ಲ, ಆದ್ದರಿಂದ ಆ ಒಪ್ಪಿಗೆ ಚಿಕಿತ್ಸೆಯ ಮಟ್ಟಿಗಷ್ಟೇ ಅನ್ನುತ್ತದೆ ಕಾಯ್ದೆ. ಇದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು ಅಲ್ಲಿಂದ ಹದಿನೆಂಟು ತಿಂಗಳ ಗಡುವು ಇದೆ.

ಕೇಳಬಾರದ್ದನ್ನು ಕೇಳುವ ಚಾಳಿ ಆ್ಯಪ್‌ಗಳ ಜೊತೆಗೆ ಹುಟ್ಟಿದ್ದಲ್ಲ. 1989ರಲ್ಲಿ ದೆಹಲಿಯಲ್ಲಿ ಯುವತಿಯೊಬ್ಬರು ಭಾರತೀಯ ಜೀವ ವಿಮಾ ನಿಗಮದ ಸಹಾಯಕಿ ಹುದ್ದೆಗೆ ಆಯ್ಕೆಯಾದರು. ಕೆಲಸಕ್ಕೆ ಸೇರುವ ಮುನ್ನ ನಿಗಮದ ವೈದ್ಯರೇ ಪರೀಕ್ಷಿಸಿ ಯೋಗ್ಯರೆಂದು ಹೇಳಿದ್ದರು. ಜೊತೆಗೆ ಒಂದು ಘೋಷಣಾ ಪತ್ರವನ್ನೂ ತುಂಬಿಸಿಕೊಂಡಿದ್ದರು. ಮುಟ್ಟು ಸರಿಯಾಗಿ ಆಗುತ್ತದೆಯೇ, ನೋವು ಇರುತ್ತದೆಯೇ, ಕಳೆದ ಬಾರಿ ಆದದ್ದು ಯಾವಾಗ, ಎಷ್ಟು ಸಲ ಗರ್ಭ ನಿಂತಿದೆ, ಗರ್ಭಪಾತ ಆಗಿದೆಯೇ ಎಂಬ ಪ್ರಶ್ನೆಗಳು ಅದರಲ್ಲಿದ್ದವು. ಕುಳಿತು ಕಡತ ನೋಡುವ ಕೆಲಸಕ್ಕೆ!

ಆಕೆ ಕೆಲಸಕ್ಕೆ ಸೇರಿದ ಕೆಲವೇ ತಿಂಗಳಲ್ಲಿ ಹೆರಿಗೆ ರಜೆ ಕೇಳಿದರು. ರಜೆಯಲ್ಲಿದ್ದಾಗಲೇ, ಪ್ರೊಬೇಷನ್ ಅವಧಿ ಮುಗಿಯುವ ಮೊದಲೇ, ವಜಾ ಪತ್ರ ಬಂತು. ಕಾರಣವನ್ನು ಅದರಲ್ಲಿ ಬರೆದಿರಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದಾಗ ನಿಗಮ ಹೇಳಿದ್ದು, ಘೋಷಣಾ ಪತ್ರದಲ್ಲಿ ಮುಟ್ಟಿನ ತಾರೀಖನ್ನು ತಪ್ಪಾಗಿ ಬರೆದು ಬಸಿರನ್ನು ಮುಚ್ಚಿಟ್ಟಿದ್ದಾರೆ ಎಂದು. 1991ರ ತೀರ್ಪಿನಲ್ಲಿ ನ್ಯಾಯಾಲಯ ತಪ್ಪನ್ನು ಉತ್ತರದಲ್ಲಿ ಹುಡುಕಲಿಲ್ಲ, ಪ್ರಶ್ನೆಯಲ್ಲೇ ಕಂಡಿತು. ಆ ಕಾಲಂಗಳು ಮುಜುಗರ ತರುವಂಥವು, ಹೆಣ್ಣಿನ ಮಾನಕ್ಕೆ ಧಕ್ಕೆ ತರುವಂಥವು, ಅವುಗಳನ್ನು ತೆಗೆದುಹಾಕಬೇಕು ಎಂದಿತು. ಆಕೆಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಆದೇಶಿಸಿತು. ಇಂದಿಗೂ ‘ಮದುವೆ ಯಾವಾಗ, ಮಕ್ಕಳ ಯೋಚನೆ ಇದೆಯೇ’ ಎಂದು ಕೇಳುವ ಕಂಪನಿ ಅರ್ಜಿಗಳನ್ನು ಕಂಡಾಗ ಈ ತೀರ್ಪು ನೆನಪಾಗಬೇಕು.

ಇನ್ನು ತಂದೆಯ ಹೆಸರು. ಒಂಟಿ ತಾಯಂದಿರನ್ನು ಕಚೇರಿಯಿಂದ ಕಚೇರಿಗೆ ಅಲೆಸಿದ ಕಾಲಂ ಇದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ಅಥವಾ ತಾಯಿ, ಯಾರಾದರೊಬ್ಬರ ಹೆಸರು ಸಾಕು ಎಂದು 2016ರ ಡಿಸೆಂಬರಿನಲ್ಲಿ ನಿಯಮ ಬದಲಾಯಿತು. ತಾಯಿಯೊಬ್ಬರೇ ಸಾಕಿದವರಿಗೆ ಪ್ಯಾನ್ ಅರ್ಜಿಯಲ್ಲೂ ತಂದೆಯ ಹೆಸರು ಕಡ್ಡಾಯವಲ್ಲ ಎಂದಾದದ್ದು ಎರಡು ವರ್ಷದ ನಂತರ.

ಆಧಾರ್ ವಿಷಯದಲ್ಲಿ ದಾರಿ ತೋರಿದ್ದು ಬೆಂಗಳೂರಿನ ಹಿರಿಯರೊಬ್ಬರ ಹಟ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಹೂಡಿದ ಅರ್ಜಿಯಿಂದಲೇ ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂತು. ಮರುವರ್ಷ ಸೆಪ್ಟೆಂಬರಿನಲ್ಲಿ ಅದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಾಲೆಗೆ ಸೇರಿಸಲು, ಸಿಮ್ ಕೊಳ್ಳಲು, ಬ್ಯಾಂಕ್ ಖಾತೆ ತೆರೆಯಲು ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದಿತು. ಸರ್ಕಾರದ ಸಹಾಯಧನಕ್ಕೆ, ಪ್ಯಾನ್ ಜೋಡಣೆಗೆ ಮಾತ್ರ ಅದು ಉಳಿಯಿತು. ಹಾಗಾಗಿ ಸಹಾಯಧನದ ಮಾತಿಲ್ಲದೆ ಬ್ಯಾಂಕಿಗೆ ಬರೀ ಗುರುತು ತೋರಿಸಬೇಕಾದವರು ಪಾಸ್‌ಪೋರ್ಟ್, ಚಾಲನಾ ಪರವಾನಗಿ ಅಥವಾ ಮತದಾರರ ಚೀಟಿಯನ್ನು ಮುಂದಿಡಬಹುದು. ಬೇರೇನೂ ಇಲ್ಲದೆ ಆಧಾರನ್ನೇ ಎಲ್ಲಾದರೂ ಗುರುತಿಗೆ ಕೊಡಬೇಕಾಗಿ ಬಂದರೆ, ಮೊದಲ ಎಂಟು ಅಂಕಿಗಳನ್ನು ಮರೆಮಾಡಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಪ್ರತಿಯೊಂದು ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತದೆ.

ಇಷ್ಟು ಕೇಳಿ, ನಕ್ಷತ್ರವಿಲ್ಲದ ಕಾಲಂಗಳನ್ನೆಲ್ಲ ಬಿಟ್ಟುಬಿಡುವ ಉಮೇದು ಬಂದರೆ ಅದು ಇನ್ನೊಂದು ಎಡವಟ್ಟು. ಬ್ಯಾಂಕಿನ ಅರ್ಜಿಯಲ್ಲಿ ನಾಮಿನಿಯ ಹೆಸರು ಐಚ್ಛಿಕವೇ. ‘ನಾಮಿನಿ ಬೇಡ’ ಎಂದು ಬರೆದುಕೊಟ್ಟರೂ ಖಾತೆ ತೆರೆಯುತ್ತದೆ. ಆದರೆ ಖಾತೆದಾರರು ತೀರಿಕೊಂಡಾಗ ಅದರ ಬೆಲೆ ಮನೆಯವರಿಗೆ ಗೊತ್ತಾಗುತ್ತದೆ. ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ, ತಮ್ಮ ಗುರುತಿನ ದಾಖಲೆ ತೋರಿಸಿ ಹಣ ಪಡೆಯುತ್ತಾರೆ. ಇಲ್ಲದಿದ್ದರೆ ವಾರಸುದಾರರೆಲ್ಲರ ಸಹಿ, ಮುಚ್ಚಳಿಕೆ, ಮೊತ್ತ ದೊಡ್ಡದಾದರೆ ನ್ಯಾಯಾಲಯದ ಉತ್ತರಾಧಿಕಾರ ಪತ್ರ ಎಂದು ಓಡಾಟ ಶುರು. 2025ರ ನವೆಂಬರಿನಿಂದ ಒಂದು ಖಾತೆಗೆ ನಾಲ್ವರವರೆಗೂ ಹೆಸರಿಸಬಹುದು.

ಸಿಇಟಿ ಅರ್ಜಿಯಲ್ಲಿ ಗ್ರಾಮೀಣ ವ್ಯಾಸಂಗ, ಕನ್ನಡ ಮಾಧ್ಯಮ, ಮೀಸಲಾತಿ ವರ್ಗದ ಪ್ರಶ್ನೆಗಳೂ ಇದೇ ಜಾತಿಯವು. ಇವು ಖಾಸಗಿ ವಿವರಗಳೇ, ಆದರೆ ಇಲ್ಲಿ ಕೇಳುವುದಕ್ಕೆ ಕಾರಣವಿದೆ: ಸೀಟು ಹಂಚುವುದೇ ಅದರ ಮೇಲೆ. ಹಕ್ಕು ಇದ್ದೂ ಕೇಳಿಕೊಳ್ಳದ ವಿದ್ಯಾರ್ಥಿಯನ್ನು ಸಾಮಾನ್ಯ ವರ್ಗದಲ್ಲಿ ಎಣಿಸುತ್ತಾರೆ. ಅದೇ ಜಾತಿಯ ಕಾಲಂ ಬಾಡಿಗೆ ಮನೆಯ ಅರ್ಜಿಯಲ್ಲೋ ಈಜುಕೊಳದ ಸದಸ್ಯತ್ವದ ಅರ್ಜಿಯಲ್ಲೋ ಕಂಡರೆ ಅದಕ್ಕೆ ಅಂಥ ಯಾವ ಕೆಲಸವೂ ಇಲ್ಲ.

ಖಾಲಿ ಬಿಡುವುದು ಬೇರೆ, ಸುಳ್ಳು ತುಂಬುವುದು ಬೇರೆ. ಅಂಗಡಿಯಲ್ಲಿ ಬಾಯಿಗೆ ಬಂದ ಹತ್ತು ಅಂಕಿ ಹೇಳಿದರೆ ಅದು ಇನ್ನಾರದೋ ಫೋನ್ ಆಗಿರಬಹುದು, ಪೀಡೆ ಅವರ ಪಾಲಿಗೆ. ಸರ್ಕಾರದ ಅರ್ಜಿಯಲ್ಲಾದರೆ ಸುಳ್ಳು ವಿವರ ಅಪರಾಧವೇ ಆಗಬಹುದು. ಕಾಗದದ ಅರ್ಜಿಯಲ್ಲಿ ಬಿಟ್ಟ ಜಾಗಕ್ಕೆ ಒಂದು ಗೆರೆ ಎಳೆಯುವುದು ಅಥವಾ ‘ಅನ್ವಯಿಸುವುದಿಲ್ಲ’ ಎಂದು ಬರೆಯುವುದು ಹಳೆಯ ಗುಮಾಸ್ತರ ರೂಢಿ. ಸಹಿ ಬಿದ್ದ ಮೇಲೆ ಬೇರೆಯವರ ಕೈ ಅಲ್ಲಿ ಆಡದಿರಲಿ ಎಂಬ ಎಚ್ಚರ ಅದು.

ಸೈಬರ್ ಸೆಂಟರಿನಲ್ಲಿ ಗೆರೆ ಎಳೆಯಲು ಆಗದು. ಅಲ್ಲಿ ಗಿರಾಕಿ ಫೋನ್ ಮರೆತು ಬಂದಿದ್ದರೆ, ಓಟಿಪಿಗೆ ಕಾಯುವ ತಾಪತ್ರಯ ಬೇಡವೆಂದು ಹುಡುಗ ತನ್ನದೇ ನಂಬರ್, ತನ್ನದೇ ಇಮೇಲ್ ಹಾಕಿ ಅರ್ಜಿ ಕಳಿಸಿಬಿಡುವುದುಂಟು. ಕೆಲಸವೇನೋ ಅಂದೇ ಮುಗಿಯುತ್ತದೆ. ಎರಡು ವರ್ಷದ ಮೇಲೆ ಪಾಸ್‌ವರ್ಡ್ ಮರೆತಾಗ ಓಟಿಪಿ ಹೋಗುವುದು ಆ ಹುಡುಗನಿಗೆ, ಅವನೋ ಅಂಗಡಿ ಬಿಟ್ಟು ಯಾವ ಊರಿಗೆ ಹೋಗಿರುತ್ತಾನೋ. ಪ್ರಿಂಟ್ ಕೈಗೆ ಬಂದಾಗ, ಹಣ ಕೊಡುವ ಮೊದಲು, ಮೊಬೈಲ್ ಮತ್ತು ಇಮೇಲ್ ಎಂಬ ಎರಡು ಸಾಲನ್ನು ಓದಿಕೊಳ್ಳಲು ಅರ್ಧ ನಿಮಿಷ ಬೇಕು.