ಸೂತಕದ ಲೆಕ್ಕ, ದೇವರ ಬಾಗಿಲು



ಹೇಮಾವತಿ ಸಿದ್ಧೇಶ್ವರನ ಶಿವರಾತ್ರಿ ಹತ್ತಿರ ಬಂದಿದೆ, ಹರಕೆಯ ಮುಡಿಪು ಕಟ್ಟಿಟ್ಟಾಗಿದೆ, ಅಷ್ಟರಲ್ಲಿ ಬೇರೆ ಮನೆ ಮಾಡಿಕೊಂಡಿರುವ ತಮ್ಮನಿಗೆ ಮಗುವಾಯಿತು ಎನ್ನಿ. ಅಣ್ಣನ ಮನೆಯವರು ಗುಡಿಗೆ ಹೋಗಬಹುದೆ? ರತ್ನಗಿರಿ, ರೊಳ್ಳ, ಅಮರಾಪುರದ ಕಡೆ ಇಂಥ ಪ್ರಶ್ನೆ ಬಾರದ ಮನೆ ಇಲ್ಲ. ಇವತ್ತು ಆ ಲೆಕ್ಕವನ್ನೇ ನೋಡೋಣ.

ಹುಟ್ಟಿನ ಮೈಲಿಗೆಯನ್ನು ಪುರುಡು ಎನ್ನುತ್ತೇವೆ, ಸಾವಿನದನ್ನು ಸೂತಕ. ತೆಲುಗು ನೆಂಟರ ಬಾಯಲ್ಲಿ ಅದು ಮೈಲ. ಮಾತು ಯಾವುದಾದರೂ ಅದು ತಗಲುವುದು ಒಂದೇ ಛಾವಣಿಯ ಕೆಳಗಿರುವವರಿಗೆ ಮಾತ್ರವಲ್ಲ, ದಾಯಾದಿಗಳಿಗೂ ತಗಲುತ್ತದೆ. ಹಾಗಾಗಿ ಬೇರೆ ಒಲೆ ಹೂಡಿದರೂ ಅಣ್ಣನಿಗೆ ಪುರುಡು ಇದ್ದೇ ಇದೆ. ಸಾಮಾನ್ಯವಾಗಿ ಹತ್ತು ದಿನ, ಹನ್ನೊಂದನೆಯ ದಿನ ಶುದ್ಧಿ. ಕೆಲವು ಕುಲಗಳಲ್ಲಿ ದಿನಗಳು ಹೆಚ್ಚು ಕಡಿಮೆ ಆಗುತ್ತವೆ.

ಎಣಿಕೆ ತಪ್ಪುವುದು ಮೊದಲ ದಿನದಲ್ಲೇ. ಹುಟ್ಟಿದ ದಿನವೂ ಲೆಕ್ಕಕ್ಕೆ ಸೇರುತ್ತದೆ. ಸೋಮವಾರ ಮಧ್ಯಾಹ್ನ ಮಗು ಹುಟ್ಟಿದರೆ ಮುಂದಿನ ವಾರದ ಬುಧವಾರಕ್ಕೆ ಹತ್ತು ದಿನ ತುಂಬುತ್ತದೆ, ಗುರುವಾರ ಶುದ್ಧಿ. ಆದರೆ ಸೋಮವಾರ ನಡುರಾತ್ರಿ ಕಳೆದ ಮೇಲೆ ಹೆರಿಗೆಯಾದರೆ ಆಸ್ಪತ್ರೆಯ ಚೀಟಿಯಲ್ಲಿ ಮಂಗಳವಾರ ಎಂದಿರುತ್ತದೆ. ಬೆಳಗಿನವರೆಗೂ ಸೋಮವಾರವೇ ಎಂದು ಎಣಿಸುವವರಿಗೆ ಒಂದು ದಿನದ ವ್ಯತ್ಯಾಸ ಬಂತು. ಆದ್ದರಿಂದ ಪುರೋಹಿತರನ್ನು ಕೇಳುವಾಗ ತಾರೀಖಿನ ಜೊತೆಗೆ ಗಂಟೆಯನ್ನೂ ಹೇಳಿ. ಸುದ್ದಿ ನಾಲ್ಕು ದಿನ ತಡವಾಗಿ ಬಂದರೂ ಎಣಿಕೆ ಹುಟ್ಟಿದ ದಿನದಿಂದಲೇ. ಉಳಿದ ದಿನಗಳನ್ನಷ್ಟೇ ಹಿಡಿದರೆ ಸಾಕು.

ಇನ್ನೊಂದು ತೊಡಕು ನೋಡಿ. ಸೋಮವಾರ ಮಗು ಹುಟ್ಟಿತು, ಅದೇ ಶನಿವಾರ ದಾಯಾದಿಗಳಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಪುರುಡಿನ ಜೊತೆಗೆ ಸೂತಕ ಕಳೆಯುವುದಿಲ್ಲ. ಶನಿವಾರದಿಂದ ಹೊಸದಾಗಿ ಎಣಿಸಬೇಕು. ಆಗ ಶುದ್ಧಿ ಗುರುವಾರಕ್ಕಲ್ಲ, ಅದಾದ ಮೇಲಿನ ಮಂಗಳವಾರಕ್ಕೆ. ಮೊದಲು ಸಾವು, ಅದರ ದಿನಗಳೊಳಗೆ ಹುಟ್ಟು ಆದರೆ ಮಾತ್ರ ದಾಯಾದಿಗಳಿಗೆ ಸೂತಕದ ಕಡೆಯ ದಿನವೇ ಎರಡೂ ಮುಗಿಯುತ್ತವೆ. ಬಾಣಂತಿಯ ಲೆಕ್ಕ ಬೇರೆ, ಅದು ಉದ್ದ.

ಕೊಟ್ಟ ಹೆಣ್ಣುಮಗಳು ಗಂಡನ ಕುಲಕ್ಕೆ ಸೇರಿದವಳು. ಅವಳ ತಂದೆ ತಾಯಿ ತೀರಿಕೊಂಡರೆ ಅವಳಿಗೆ ಮೂರು ದಿನ ಎಂಬುದು ಶಾಸ್ತ್ರದ ಮಾತು. ಅವಳು ತವರಿನಲ್ಲಿ ಹೆತ್ತರೆ ಮಗುವಿನ ಪುರುಡು ಗಂಡನ ಮನೆಯ ದಾಯಾದಿಗಳಿಗೆ. ಹೀಗಾಗಿ ಹೆರಿಗೆ ಶಿರಾದಲ್ಲಿ ಆದರೂ ಗುಡಿಗೆ ಹೋಗದೆ ನಿಲ್ಲುವವರು ಮಡಕಶಿರಾದವರು. ಬಾಣಂತಿ ಇರುವ ತವರುಮನೆಯವರೂ ಬಹಳ ಕಡೆ ಅಷ್ಟೇ ದಿನ ಹಿಡಿಯುತ್ತಾರೆ.

ಶುದ್ಧಿಯ ದಿನ ಮನೆ ಸಾರಿಸಿ, ಬಟ್ಟೆ ಒಗೆದು, ತಲೆಗೆ ಸ್ನಾನ ಮಾಡಿ, ಪುಣ್ಯಾಹದ ನೀರು ಚಿಮುಕಿಸಿದ ಮೇಲೆ ಗುಡಿಯ ದಾರಿ ತೆರೆಯಿತು. ಅಲ್ಲಿಯವರೆಗೆ ಮುಡಿಪು ಹಾಗೇ ಇರಲಿ. ಹರಕೆ ಮುಂದಕ್ಕೆ ಹೋಯಿತೇ ಹೊರತು ಮುರಿಯಲಿಲ್ಲ. ಸಾವಾದ ಮನೆಯ ಮಕ್ಕಳು ಒಂದು ವರ್ಷ ಬೆಟ್ಟದ ದೇವರಿಗೆ ಹೋಗದಿರುವುದೂ ಉಂಟು. ತೆಲುಗಿನಲ್ಲಿ ಅದಕ್ಕೆ ಏಟಿ ಸೂತಕ ಎನ್ನುತ್ತಾರೆ. ಅದು ಈ ಹತ್ತು ದಿನಕ್ಕೆ ಸೇರಿದ್ದಲ್ಲ.

ಎಲ್ಲರಿಗೂ ಈ ಲೆಕ್ಕ ಇಲ್ಲ ಎಂಬುದೂ ನೆನಪಿರಲಿ. ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಒಪ್ಪಲಿಲ್ಲ. ಕೊರಳಲ್ಲಿ ಇಷ್ಟಲಿಂಗ ಇರುವಾಗ ಮೈಲಿಗೆ ಎಲ್ಲಿಯದು ಎಂಬುದು ಅವರ ನಿಲುವು. ಹಾಗೆ ನಡೆಯುವ ಲಿಂಗವಂತರ ಮನೆಯಲ್ಲಿ ಹೆರಿಗೆಯ ದಿನವೂ ಲಿಂಗಪೂಜೆ ನಿಲ್ಲುವುದಿಲ್ಲ.

ಇನ್ನು ಗೊಲ್ಲರ ಹಟ್ಟಿಗಳ ಮಾತು. ಅಲ್ಲಿ ಗುಡಿಯಷ್ಟೇ ಅಲ್ಲ, ಹಟ್ಟಿಯೇ ದೇವರ ಜಾಗ. ಅದಕ್ಕೇ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಬಂತು. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಗುಡಿಸಿಲಿನಲ್ಲಿದ್ದ ಹಸುಗೂಸು ಮಳೆ ಚಳಿಗೆ ಸಿಕ್ಕು ತೀರಿಕೊಂಡಿತು. ಎಳೆಗೂಸಿನ ಮೈ ತನ್ನ ಕಾವನ್ನು ತಾನೇ ಕಾಪಾಡಿಕೊಳ್ಳಲಾರದು. ಪಾದ ತಣ್ಣಗಾಗಿ, ಮೊಲೆ ಚೀಪುವ ಶಕ್ತಿ ಕುಂದಿ, ಅಳು ಸಣ್ಣಗಾದರೆ ಕೂಸಿಗೆ ಚಳಿ ಹಿಡಿದಿದೆ ಎಂದೇ ತಿಳಿಯಿರಿ. ಕೂಡಲೇ ತಾಯಿಯ ಎದೆಗೆ ಅಪ್ಪಿ ಹಿಡಿಸಿ, ಮೇಲೆ ಹೊದಿಸಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಹೊಸಿಲು, ದೀಪ, ಗುಡಿಯ ಬಾಗಿಲು, ಇವುಗಳಿಂದ ಹತ್ತು ದಿನ ದೂರ ಇರಬೇಕೆಂದರೆ ಮನೆಯೊಳಗೇ ಒಂದು ಕೋಣೆಯಲ್ಲಿ ಇರಬಹುದು. ಅನೇಕ ಮನೆಗಳಲ್ಲಿ ಹಾಗೇ ನಡೆದು ಬಂದಿದೆ. ದೀಪ ಹಚ್ಚಲು ಬೇರೆ ಕುಲದ ನೆರೆಯವರು ಬರುತ್ತಾರೆ. ಸಿದ್ಧೇಶ್ವರನ ಶಿವರಾತ್ರಿ ಮುಂದಿನ ವರ್ಷವೂ ಬರುತ್ತದೆ. ಅಷ್ಟು ಹೊತ್ತಿಗೆ ಈ ಕೂಸೂ ತೊಡೆಯ ಮೇಲೆ ಕೂತು ತೇರು ನೋಡುವಂತಿರಲಿ.