‘ನಾಳೆ ಲಾಸ್ಟ್ ಡೇಟ್’ ಅಂದರೆ ಯಾವತ್ತು?

ಡಿಗ್ರಿ ಕಾಲೇಜಿನ ಯಾವ ಕ್ಲಾಸ್ ಗ್ರೂಪ್ ತೆರೆದರೂ ಸೆಮಿಸ್ಟರಿಗೊಮ್ಮೆ ಈ ಸಾಲು ಸಿಗುತ್ತದೆ: ‘ಫ್ರೆಂಡ್ಸ್, ಎಕ್ಸಾಂ ಫಾರ್ಮ್ ನಾಳೆ ಲಾಸ್ಟ್ ಡೇಟ್. ಫೀ 1240. ಆಫೀಸಲ್ಲಿ ಕೊಡಿ.’ ಬರೆದ ಕ್ಲಾಸ್ ರೆಪ್ ಒಳ್ಳೆಯ ಹುಡುಗನೇ. ನೋಟಿಸ್ ಬೋರ್ಡ್ ಓದಿ ಬಂದು, ಮಲಗುವ ಮುಂಚೆ ನೆನಪಿಟ್ಟು ಹಾಕಿದ್ದಾನೆ. ಎಡವಟ್ಟೆಲ್ಲ ಇರುವುದು ‘ನಾಳೆ’ ಎಂಬ ಪದದಲ್ಲಿ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಅರ್ಜಿ ಕೊಡಲು ಕೊನೆಯ ದಿನ 2025ರ ಡಿಸೆಂಬರ್ 12, ಶುಕ್ರವಾರ. ಮೆಸೇಜ್ ಬಂದದ್ದು ಗುರುವಾರ ರಾತ್ರಿ. ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತ ಹುಡುಗಿಯೊಬ್ಬಳು ಅದನ್ನು ‘ಬಿ’ ಸೆಕ್ಷನ್ ಗ್ರೂಪಿಗೆ ಫಾರ್ವರ್ಡ್ ಮಾಡುತ್ತಾಳೆ. ವಾಟ್ಸ್ಯಾಪ್ ಅದರ ಮೇಲೆ ‘ಫಾರ್ವರ್ಡೆಡ್’ ಎಂದು ಗುರುತು ಹಾಕುತ್ತದೆಯೇ ಹೊರತು ಮೂಲ ಮೆಸೇಜ್ ಯಾವಾಗ ಹುಟ್ಟಿತು ಎಂದು ತೋರಿಸುವುದಿಲ್ಲ. ಹೊಸ ಗ್ರೂಪಿನಲ್ಲಿ ಕಾಣುವುದು ಶುಕ್ರವಾರದ ಹೊತ್ತು ಮಾತ್ರ. ಹಾಗಾಗಿ ‘ಬಿ’ ಸೆಕ್ಷನ್ನಿನವರಿಗೆ ನಾಳೆ ಎಂದರೆ ಶನಿವಾರ, 13. ಅದೋ ಎರಡನೇ ಶನಿವಾರ. ಬ್ಯಾಂಕಿಗೆ ರಜೆ, ಚಲನ್ ಕಟ್ಟುವ ದಾರಿಯೂ ಇಲ್ಲ.

ಆದ್ದರಿಂದ ತಾರೀಖಿನ ಜೊತೆ ವಾರವನ್ನೂ ಬರೆಯಬೇಕು. ವಾರ ಬರೆಯುವುದು ಅಲಂಕಾರಕ್ಕಲ್ಲ, ಅದು ತಪ್ಪು ಹಿಡಿಯುವ ಕೊಕ್ಕೆ. ಕೈ ತಪ್ಪಿ ‘12’ ಬದಲು ‘21’ ಎಂದು ಒತ್ತಿದ್ದರೆ, ‘21 ಭಾನುವಾರ ಅಲ್ವಾ, ಶುಕ್ರವಾರ ಹೇಗೆ?’ ಎಂದು ಕೇಳುವವರು ಗ್ರೂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಬರೀ ತಾರೀಖು ಇದ್ದರೆ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನೊಂದು ಗೋಜಲು ಸುತ್ತೋಲೆಯಲ್ಲೇ ಇದೆ. ಅದರಲ್ಲಿ ಸಾಮಾನ್ಯವಾಗಿ ಮೂರು ತಾರೀಖುಗಳಿರುತ್ತವೆ: ದಂಡವಿಲ್ಲದೆ ವಿದ್ಯಾರ್ಥಿಗಳು ಅರ್ಜಿ ಕೊಡುವ ದಿನ, ದಂಡ ಕಟ್ಟಿ ಕೊಡುವ ದಿನ, ಕಾಲೇಜಿನವರು ಎಲ್ಲವನ್ನೂ ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ದಿನ. ಅವಸರದಲ್ಲಿ ಓದುವವರ ಕಣ್ಣು ಕೊನೆಯ ಸಾಲಿನ ಮೇಲೆ ನಿಲ್ಲುತ್ತದೆ. ಅದು ಕಾಲೇಜಿಗೆ ಹಾಕಿದ ಗಡುವು, ನಮ್ಮದಲ್ಲ. ಅದನ್ನೇ ಗ್ರೂಪಿಗೆ ಹಾಕಿದರೆ ಇಡೀ ತರಗತಿ ದಂಡದ ಸಾಲಿನಲ್ಲಿ ನಿಂತೀತು, ಅಥವಾ ಆ ಸಾಲೂ ಮುಗಿದಿರುತ್ತದೆ. ಕಾಲೇಜು ಆಫೀಸಿನವರು ತಮ್ಮ ಪರಿಶೀಲನೆಗೆಂದು ಒಂದೆರಡು ದಿನ ಮೊದಲೇ ಕೌಂಟರ್ ಮುಚ್ಚುವುದೂ ಉಂಟು. ಹಾಗಾಗಿ ಸುತ್ತೋಲೆ ಓದಿದ ಮೇಲೂ ಕೌಂಟರಿನಲ್ಲಿ ಒಮ್ಮೆ ಕೇಳಿಕೊಂಡೇ ಬರೆಯಬೇಕು.

ಫೀಗೂ ಒಂದೇ ಅಂಕಿ ಸಾಲದು. ರೆಗ್ಯುಲರ್‌ನವರಿಗೆ ಒಂದು ಲೆಕ್ಕ, ಹಿಂದಿನ ಸೆಮಿಸ್ಟರಿನ ಪೇಪರ್ ಉಳಿಸಿಕೊಂಡವರಿಗೆ ಬೇರೆ ಲೆಕ್ಕ. ‘ಫೀ 1240’ ಎಂದು ಮಾತ್ರ ಬರೆದರೆ ಬ್ಯಾಕ್‌ಲಾಗ್ ಇರುವವನು ಅಷ್ಟೇ ತಂದು ಕೌಂಟರಿನಿಂದ ವಾಪಸ್ಸಾಗುತ್ತಾನೆ. ನಾಲ್ಕು ಜನರ ಎದುರು ಕೇಳಲು ಅವನಿಗೆ ಮುಜುಗರ, ಹಾಗಾಗಿ ಗ್ರೂಪಿನಲ್ಲಿ ಕೇಳುವುದೂ ಇಲ್ಲ. ಶುಲ್ಕ ವಿನಾಯಿತಿ ಇರುವವರ ಪಾಡು ಇನ್ನೊಂದು ಬಗೆಯದು. ದುಡ್ಡು ಕಟ್ಟಬೇಕಿಲ್ಲ ಎಂದರೆ ಅರ್ಜಿಯೂ ಬೇಕಿಲ್ಲ ಎಂದುಕೊಂಡು ಸುಮ್ಮನಾಗಿಬಿಡುತ್ತಾರೆ. ಅರ್ಜಿ ತುಂಬದೆ ಹಾಲ್ ಟಿಕೆಟ್ ಬರುವುದಿಲ್ಲ.

‘ಎಲ್ಲಿ’ ಎಂಬುದು ಈಗ ಮೊದಲಿಗಿಂತ ಸಿಕ್ಕುಸಿಕ್ಕು. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳು UUCMS ಜಾಲತಾಣದಲ್ಲಿ ಅರ್ಜಿ ತುಂಬುವುದು ರೂಢಿಯಾಗಿದೆ. ಆದರೂ ಅದರ ಪ್ರಿಂಟ್ ತೆಗೆದು ಆಫೀಸಿಗೆ ಕೊಡಿ ಎನ್ನುವ ಕಾಲೇಜುಗಳಿವೆ. ಆನ್‌ಲೈನಿನಲ್ಲಿ ಒತ್ತಿದ ಕೂಡಲೇ ಕೆಲಸ ಮುಗಿಯಿತೆಂದು ಫೋನ್ ಜೇಬಿಗಿಡುವವರೇ ಹೆಚ್ಚು. ಆದ್ದರಿಂದ ಮೆಸೇಜಿನಲ್ಲಿ ಎರಡು ಹೆಜ್ಜೆಯನ್ನೂ ಹೇಳಬೇಕು: ಎಲ್ಲಿ ತುಂಬುವುದು, ಕಾಗದ ಯಾರ ಕೈಗೆ ಕೊಡುವುದು.

ನಮ್ಮ ಉದಾಹರಣೆಯ ಹುಡುಗ, ಅಂಕಿಗಳೆಲ್ಲ ಕಲ್ಪಿತವೇ, ಹೀಗೆ ಬರೆದಿದ್ದರೆ ಸಾಕಿತ್ತು:

‘ಬಿ.ಕಾಂ. 3ನೇ ಸೆಮ್, ಎ ಮತ್ತು ಬಿ ಸೆಕ್ಷನ್. ಎಕ್ಸಾಂ ಫಾರ್ಮ್ ಕೊಡೋಕೆ ಲಾಸ್ಟ್ ಡೇಟ್ 12-12-2025, ಶುಕ್ರವಾರ, ಮಧ್ಯಾಹ್ನ 3 ಗಂಟೆ ಒಳಗೆ. ಆಮೇಲೆ 17ನೇ ತಾರೀಖು ಬುಧವಾರದವರೆಗೆ 200 ರೂ. ಫೈನ್. ಫೀ: ರೆಗ್ಯುಲರ್ 1240. ಬ್ಯಾಕ್‌ಲಾಗ್ ಇದ್ರೆ ಪೇಪರಿಗೆ 150 ಎಕ್ಸ್‌ಟ್ರಾ. ಫೀ ವಿನಾಯಿತಿ ಇರೋರೂ ಫಾರ್ಮ್ ತುಂಬಲೇಬೇಕು. UUCMSನಲ್ಲಿ ತುಂಬಿ, ಪ್ರಿಂಟ್ ಮತ್ತು ಫೀ ರಸೀದಿ ಆಫೀಸಿನ 2ನೇ ಕೌಂಟರ್‌ಗೆ ಕೊಡಿ. ಸುತ್ತೋಲೆ ಫೋಟೋ ಕೆಳಗಿದೆ.’

ಫೋಟೋ ಹಾಕಿದ ಮೇಲೂ ಅಕ್ಷರದಲ್ಲಿ ಯಾಕೆ ಬರೆಯಬೇಕು ಎನ್ನುವವರಿದ್ದಾರೆ. ಮೂರು ದಿನ ಬಿಟ್ಟು ನೂರಾರು ಮೆಸೇಜುಗಳ ನಡುವೆ ‘ಫೀ’ ಎಂದು ಹುಡುಕಿದರೆ ಸಿಗುವುದು ಟೈಪ್ ಮಾಡಿದ ಸಾಲು. ಫೋಟೋ ಇರುವುದು ಸಾಕ್ಷಿಗೆ. ಮೆಸೇಜನ್ನು ಗ್ರೂಪಿನ ತಲೆಯ ಮೇಲೆ ಏಳು ದಿನ ಪಿನ್ ಮಾಡಲೂ ಬರುತ್ತದೆ.

ತಾರೀಖು ಮುಂದಕ್ಕೆ ಹೋದಾಗ ಹಳೆಯದನ್ನು ತಿದ್ದುವ ಆಸೆಯಾಗುತ್ತದೆ. ವಾಟ್ಸ್ಯಾಪ್ ತಿದ್ದಲು ಬಿಡುವುದು ಕಳಿಸಿದ 15 ನಿಮಿಷದೊಳಗೆ ಮಾತ್ರ. ತಿದ್ದಿದರೂ ಓದಿಯಾದವರಿಗೆ ಹೊಸದಾಗಿ ಟಿಂಗ್ ಎನ್ನುವುದಿಲ್ಲ, ಬೇರೆ ಗ್ರೂಪಿಗೆ ಹೋದ ನಕಲು ಹಳೆಯ ತಾರೀಖನ್ನೇ ಹೊತ್ತು ತಿರುಗುತ್ತದೆ. ‘ಹಿಂದಿನ ಮೆಸೇಜ್ ರದ್ದು’ ಎಂದು ಮೊದಲ ಸಾಲಿನಲ್ಲೇ ಬರೆದು, ಪೂರ್ತಿ ವಿವರದ ಹೊಸ ಮೆಸೇಜ್ ಕಳಿಸಿ, ಹಳೆಯ ಪಿನ್ ತೆಗೆದು ಇದನ್ನು ಹಾಕಬೇಕು. ‘ಬಿ’ ಸೆಕ್ಷನ್ ಗ್ರೂಪಿಗೂ ಅದೇ ಹುಡುಗಿ ಕೈಯಲ್ಲಿ ಮತ್ತೆ ಕಳಿಸಬೇಕು.