ಮೂವತ್ತು ಎಸೆತ, ಮೂವತ್ತು ರನ್: ಗೆಲುವಿನ ಆಡ್ಸ್ ಹೊರಳುವುದು ಹೇಗೆ?

2024ರ ಜೂನ್ 29ರ ಮಧ್ಯಾಹ್ನ ನೆನಪಿದೆಯಾ? ಊರಲ್ಲಿರುವವರಿಗೆ ಅದು ರಾತ್ರಿ, ಇಂಗ್ಲೆಂಡಿನಲ್ಲಿರುವ ನಮಗೆ ಸಂಜೆ ಇಳಿಯೋ ಹೊತ್ತು. ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ಟಿ20 ವಿಶ್ವಕಪ್ ಫೈನಲ್. ಭಾರತದ 176 ರನ್ ಬೆನ್ನಟ್ಟಿದ್ದ ದಕ್ಷಿಣ ಆಫ್ರಿಕಾ, ಅಕ್ಷರ್ ಪಟೇಲ್ ಹಾಕಿದ 15ನೇ ಓವರಿನಲ್ಲಿ 24 ರನ್ ಬಾಚಿಕೊಂಡು 4 ವಿಕೆಟ್‌ಗೆ 147 ಮುಟ್ಟಿತ್ತು. 30 ಎಸೆತ, 30 ರನ್, ಕೈಲಿ ಆರು ವಿಕೆಟ್. ನಮ್ಮ ಮನೆಯಲ್ಲಿ ಒಬ್ಬರು ಎದ್ದು ಅಡುಗೆಮನೆಗೆ ಹೋಗಿ ಕುಕ್ಕರ್ ಇಟ್ಟೇಬಿಟ್ಟರು, "ಮುಗೀತು ಬಿಡಿ" ಅಂತ.

ಅಲ್ಲಿಂದ ಮುಂದೆ ಆದದ್ದು ಎಲ್ಲರಿಗೂ ಗೊತ್ತು. ನಾಲ್ಕು ಓವರಿನಲ್ಲಿ ಕ್ರಮವಾಗಿ 4, 4, 2, 4 ರನ್. ಕೊನೆಯ ಓವರಿಗೆ 16 ಬೇಕಾಯಿತು, 8 ಬಂತು, ಭಾರತ 7 ರನ್‌ನಿಂದ ಗೆದ್ದಿತು. ಇವತ್ತು ನಾವು ಕೇಳೋ ಪ್ರಶ್ನೆ ಬೇರೆ. ಆ ಐದು ಓವರಿನಲ್ಲಿ ಗೆಲುವಿನ ಸಾಧ್ಯತೆ ಎಸೆತದಿಂದ ಎಸೆತಕ್ಕೆ ಎಷ್ಟೆಷ್ಟು ಹೊರಳಿತು, ಯಾಕೆ? ಪರದೆಯ ಮೂಲೆಯಲ್ಲಿ ಬರುವ ಆ ಶೇಕಡಾ ಲೆಕ್ಕ, ಬಾಜಿ ಕಟ್ಟುವವರು ನೋಡುವ ಆಡ್ಸ್, ಎರಡರ ಹೊಟ್ಟೆಯೊಳಗೆ ಇರೋದು ಒಂದೇ ಲೆಕ್ಕ. ಅದನ್ನು ಕಾಗದ ಪೆನ್ಸಿಲ್‌ನಲ್ಲೇ ಮಾಡಿ ನೋಡಬಹುದು.

ಮೊದಲು ಒಂದು ದಾಳ ಮಾಡಿಕೊಳ್ಳೋಣ. ಸುಮ್ಮನೆ ಉದಾಹರಣೆಗೆ ನಾವೇ ಇಟ್ಟುಕೊಂಡ ಅಂಕಿಗಳಿವು. ನೂರು ಎಸೆತದಲ್ಲಿ 33 ಖಾಲಿ, 38 ಒಂಟಿ ರನ್, 8 ಎರಡು ರನ್, 11 ಬೌಂಡರಿ, 5 ಸಿಕ್ಸರ್, ಉಳಿದ 5 ವಿಕೆಟ್. ಕೂಡಿ ಸರಾಸರಿ ತೆಗೆದರೆ ಎಸೆತಕ್ಕೆ 1.28 ರನ್, ಅಂದ್ರೆ ಓವರಿಗೆ ಏಳೂಮುಕ್ಕಾಲಿನ ಹತ್ತಿರ.

ಲೆಕ್ಕ ಶುರುವಾಗೋದು ಕೊನೆಯಿಂದ. ಕೊನೆಯ ಎಸೆತ, ಒಂದು ರನ್ ಬೇಕು ಅಂದ್ಕೊಳ್ಳಿ. ನಮ್ಮ ದಾಳದಲ್ಲಿ ಗೆಲುವು 62%. ಎರಡು ರನ್ ಬೇಕಿದ್ದರೆ 24% ಮಾತ್ರ. (ಟೈ ಆಗೋದನ್ನ ಸದ್ಯಕ್ಕೆ ಮರೆತುಬಿಡಿ.) ಈಗ ಒಂದು ಹೆಜ್ಜೆ ಹಿಂದೆ ಬನ್ನಿ: ಎರಡು ಎಸೆತ, ಎರಡು ರನ್. ಮೊದಲ ಎಸೆತದಲ್ಲೇ ಎರಡೋ ನಾಲ್ಕೋ ಆರೋ ಬಂದರೆ ಅಲ್ಲೇ ಮುಗೀತು, ಅದು 24. ಒಂಟಿ ರನ್ ಬಂದರೆ, 38 ಸಲ, "ಒಂದು ಎಸೆತ ಒಂದು ರನ್" ಅನ್ನೋ ಸ್ಥಿತಿಗೆ ಬಂದೆವು, ಅಲ್ಲಿ 62%. ಗುಣಿಸಿದರೆ 23 ಚಿಲ್ಲರೆ. ಖಾಲಿ ಹೋದರೆ ಅಥವಾ ವಿಕೆಟ್ ಬಿದ್ದರೆ, ಅದು 38 ಸಲ, "ಒಂದು ಎಸೆತ ಎರಡು ರನ್", ಅಲ್ಲಿ 24%, ಅದು 9. ಎಲ್ಲ ಕೂಡಿಸಿ ಹತ್ತಿರ ಹತ್ತಿರ 57%. ಹೀಗೇ ಹಿಂದಕ್ಕೆ ಹಿಂದಕ್ಕೆ ಬರುತ್ತಾ ಹೋದರೆ ಉಳಿದ ಎಸೆತ, ಬೇಕಾದ ರನ್, ಕೈಲಿರುವ ವಿಕೆಟ್ ಈ ಮೂರರ ಪ್ರತಿ ಜೋಡಣೆಗೂ ಒಂದು ಶೇಕಡಾ ಬರೆದಿಟ್ಟ ದೊಡ್ಡ ಕೋಷ್ಟಕ ಸಿಗುತ್ತೆ. ನ್ಯೂಜಿಲೆಂಡ್‌ನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಸ್ಕಾಟ್ ಬ್ರೂಕರ್ ಮತ್ತು ಶೇಮಸ್ ಹೋಗನ್ ರೂಪಿಸಿದ ವಾಸ್ಪ್ ಅನ್ನೋ ಲೆಕ್ಕ 2012ರಲ್ಲಿ ಅಲ್ಲಿನ ಟೀವಿಯಲ್ಲಿ ಬಂದಾಗ, ಅದರ ಬೆನ್ನೆಲುಬು ಇದೇ ಹಿಮ್ಮುಖ ಲೆಕ್ಕ. ನಮ್ಮ ಲ್ಯಾಬಿನಲ್ಲಿ ಒಂದು ಜೀವಕೋಶಗಳ ಗುಂಪು ಉಳಿಯುತ್ತೋ ಅಳಿಯುತ್ತೋ ಅಂತ ಲೆಕ್ಕ ಹಾಕೋದೂ ಹೀಗೇ. ಅದಕ್ಕೇ ಇರಬೇಕು ನಮಗೆ ಈ ವಿಷಯದ ಹುಚ್ಚು.

ಮೂವತ್ತು ಎಸೆತಕ್ಕೆ ಇಷ್ಟು ದೂರ ನಡೆಯಬೇಕಾಗಿಲ್ಲ, ಅಂದಾಜು ದಾರಿ ಇದೆ. ನಮ್ಮ ದಾಳದಲ್ಲಿ 30 ಎಸೆತಕ್ಕೆ ಸರಾಸರಿ 38 ರನ್ ಬರುತ್ತೆ, ಹೆಚ್ಚುಕಮ್ಮಿ 9 ರನ್ ಆಚೀಚೆ. 30 ರನ್ ಅಥವಾ ಅದಕ್ಕಿಂತ ಹೆಚ್ಚು ಬರುವ ಸಾಧ್ಯತೆ 84%. ಅದೇ ದಾಳವನ್ನು ಮುಂದಿನ ಓವರುಗಳಿಗೂ ಇಟ್ಟು ನೋಡಿ. 24 ಎಸೆತಕ್ಕೆ 26 ಬೇಕಾದಾಗ 75%. 18ಕ್ಕೆ 22 ಇದ್ದಾಗ 59%. 12ಕ್ಕೆ 20 ಬಂದಾಗ 23%.

ಇಲ್ಲೊಂದು ವಿಚಿತ್ರ ಗಮನಿಸಿ. 16ನೇ ಓವರಿನಲ್ಲಿ 4 ರನ್, 17ರಲ್ಲೂ 4 ರನ್. ಮೊದಲನೆಯದಕ್ಕೆ ಆಫ್ರಿಕಾ ಕಳೆದುಕೊಂಡದ್ದು 9 ಅಂಶ, ಎರಡನೆಯದಕ್ಕೆ 16, ಮತ್ತೆ 2 ರನ್ ಬಂದ 18ನೇ ಓವರಿಗೆ 36. ಬೇಕಾದ ರನ್ ರೇಟ್ 6ರಿಂದ 6.5, ಅಲ್ಲಿಂದ 7.3, ಆಮೇಲೆ 10. ರೇಟ್ ಮೊದಲು ಮೆಲ್ಲಗೆ ಏರಿ ಆಮೇಲೆ ನೆಗೆಯಿತು, ಯಾಕಂದ್ರೆ ಕೊರತೆಯನ್ನು ಹಂಚಿಕೊಳ್ಳೋಕೆ ಓವರುಗಳೇ ಉಳಿದಿರಲಿಲ್ಲ. ಅದರ ಜೊತೆಗೆ ಆ "ಆಚೀಚೆ" ಕೂಡ ಕುಗ್ಗುತ್ತೆ: ಐದು ಓವರಿಗೆ 9 ರನ್ ಇದ್ದದ್ದು ಒಂದು ಓವರಿಗೆ ಬರೋ ಹೊತ್ತಿಗೆ 4. ಅದೃಷ್ಟ ಬದಲಾಗಲಿಕ್ಕೆ ಜಾಗ ಕಮ್ಮಿ. ಅದಕ್ಕೇ ಕೊನೆಯಲ್ಲಿ ಒಂದು ಖಾಲಿ ಎಸೆತ ಆಡ್ಸನ್ನು ಅಷ್ಟು ಜೋರಾಗಿ ತಳ್ಳುತ್ತೆ.

ಆದರೆ ಇಲ್ಲಿಯವರೆಗೆ ನಾವು ಸುಳ್ಳು ಹೇಳುತ್ತಾ ಬಂದಿದ್ದೇವೆ. ದಾಳ ಒಂದೇ ಅಲ್ಲ. 15ನೇ ಓವರ್ ಮುಗಿದಾಗ ಕ್ರೀಸಿನಲ್ಲಿದ್ದವರು ಕ್ಲಾಸೆನ್ ಮತ್ತು ಮಿಲ್ಲರ್. ಕ್ಲಾಸೆನ್ ಔಟಾಗೋ ಹೊತ್ತಿಗೆ 27 ಎಸೆತದಲ್ಲಿ 52. ಅಂಥ ಜೋಡಿಗೆ ಎಸೆತಕ್ಕೆ 1.6 ರನ್‌ನ ದಾಳ ಕೊಟ್ಟರೆ 30ಕ್ಕೆ 30 ಅನ್ನೋದು 97%. ಕುಕ್ಕರ್ ಇಟ್ಟವರ ತಪ್ಪೇನಿಲ್ಲ ನೋಡಿ.

ಈಗ ವಿಕೆಟ್ ವಿಷಯ. 17ನೇ ಓವರಿನ ಮೊದಲ ಎಸೆತ, ಹಾರ್ದಿಕ್ ಬೌಲಿಂಗ್, ಕ್ಲಾಸೆನ್ ಬ್ಯಾಟಿನ ಅಂಚಿಗೆ ತಾಗಿ ಪಂತ್ ಕೈಗೆ. ಆ ಎಸೆತಕ್ಕೆ ಮುಂಚೆ 24ಕ್ಕೆ 26. ಆ ಬಿರುಸಿನ ದಾಳದಲ್ಲಿ 92%. ಕ್ಲಾಸೆನ್ ಬರೀ ಬಿಟ್ಟಿದ್ದರೆ, ಅಂದ್ರೆ ಅದು ಖಾಲಿ ಎಸೆತವಾಗಿದ್ದರೆ, 23ಕ್ಕೆ 26, 90%. ಎರಡೇ ಅಂಶ ನಷ್ಟ. ಆದರೆ ಔಟಾದ. ಈಗ ಬಂದ ಹೊಸಬ ಯಾನ್ಸೆನ್. ಜೋಡಿಯ ದಾಳ ನಮ್ಮ ಮೊದಲಿನ 1.28ಕ್ಕೆ ಇಳಿಯಿತು ಅಂತಿಟ್ಟುಕೊಂಡರೆ ಅದೇ 23ಕ್ಕೆ 26 ಈಗ 69%. ರನ್ನಿನ ಲೆಕ್ಕ ಎರಡರಲ್ಲೂ ಒಂದೇ. ಮಧ್ಯದ 21 ಅಂಶ ವಿಕೆಟ್‌ನ ನಿಜವಾದ ಬೆಲೆ.

ಆಲೌಟ್ ಆಗ್ತಾರೆ ಅನ್ನೋ ಭಯ ಅಲ್ಲಿರಲಿಲ್ಲ, ಇನ್ನೂ ಐದು ವಿಕೆಟ್ ಇತ್ತು. ವಿಕೆಟ್ ಬಿದ್ದಾಗ ಬದಲಾಗೋದು ದಾಳ. ಅದಕ್ಕೇ ಕೋಷ್ಟಕದಲ್ಲಿ "5 ವಿಕೆಟ್" ಅಂತ ಬರೀ ಸಂಖ್ಯೆ ಬರೆದರೆ ಸಾಲದು, ಯಾರ ವಿಕೆಟ್ ಅಂತ ಕೇಳಲೇಬೇಕು. ಇನ್ನಿಂಗ್ಸ್ ಶುರುವಿನಲ್ಲಿ ಬೇರೆ ರೀತಿ. ಅದೇ ಫೈನಲ್‌ನಲ್ಲಿ ಭಾರತ ಐದನೇ ಓವರಿನಲ್ಲಿ 3 ವಿಕೆಟ್‌ಗೆ 34 ಇತ್ತು. ಅಲ್ಲಿ ವಿಕೆಟ್ ಕ್ರೀಸಿನಲ್ಲಿ ನಿಂತವರ ಕೈಯನ್ನೂ ಕಟ್ಟುತ್ತೆ. ಕೊಹ್ಲಿ ಅರ್ಧ ಶತಕಕ್ಕೆ 48 ಎಸೆತ ತಗೊಂಡ. ಓವರು ಮತ್ತು ವಿಕೆಟ್ ಎರಡನ್ನೂ ಸೇರಿಸಿ ಒಂದೇ ಬಂಡವಾಳ ಅಂತ ನೋಡಿದ ಡಕ್‌ವರ್ತ್ ಮತ್ತು ಲೂಯಿಸ್ ಮಳೆ ಲೆಕ್ಕದ ಹಿಂದಿನ ಆಲೋಚನೆಯೂ ಇದೇ: ಓವರ್ ಮುಗಿಯುತ್ತಾ ಬಂದ ಹಾಗೆ ಬಳಸದ ವಿಕೆಟ್‌ಗೆ ಬೆಲೆ ಇಳಿಯುತ್ತೆ, ಕೊನೆಯ ಎಸೆತಕ್ಕೆ ಕೈಲಿರುವ ಒಂಬತ್ತು ವಿಕೆಟ್ ಬರೀ ಸಂಖ್ಯೆ.

ಇನ್ನೊಂದು ವಿಷಯ ಸರಳ ಕೋಷ್ಟಕದ ಕಣ್ಣಿಗೆ ಬೀಳೋದೇ ಇಲ್ಲ: ಬೌಲರಿಗೆ ಉಳಿದಿರುವ ಓವರ್. ಒಬ್ಬನಿಗೆ ನಾಲ್ಕೇ ಓವರ್. 15 ಓವರ್ ಮುಗಿದಾಗ ಬುಮ್ರಾಗೆ ಎರಡು ಬಾಕಿ ಇತ್ತು. ಆ ಟೂರ್ನಿಯಲ್ಲಿ ಆತ ಓವರಿಗೆ ಕೊಟ್ಟದ್ದು ಸರಾಸರಿ 4.17 ರನ್. ಹಾಗಾದರೆ ಉಳಿದ 30 ಎಸೆತದಲ್ಲಿ 12ಕ್ಕೆ ಬೇರೆ ದಾಳ ಹಾಕಿ, ಎಸೆತಕ್ಕೆ ಮುಕ್ಕಾಲು ರನ್ ಅನ್ನಿ. ಮಿಕ್ಕ 18ಕ್ಕೆ ಕ್ಲಾಸೆನ್‌ನ ದಾಳವೇ ಇರಲಿ. ಸರಾಸರಿ 48 ಇದ್ದದ್ದು 38ಕ್ಕೆ ಇಳಿಯುತ್ತೆ, 97% ಅನ್ನೋದು 82% ಆಗುತ್ತೆ. ಪಂದ್ಯದಲ್ಲಿ ಇನ್ನೂ ಏನೂ ಆಗಿಲ್ಲ, ನೆನಪಿಡಿ. ಸ್ಕೋರ್‌ಬೋರ್ಡ್ ಅದೇ. ಬೌಲರ್ ಯಾರು ಉಳಿದಿದ್ದಾರೆ ಅಂತ ನೋಡಿದ್ದಷ್ಟೇ. "ಮುಗೀತು" ಅನ್ನಿಸಿದ್ದು ನಿಜಕ್ಕೂ ಆರರಲ್ಲಿ ಒಂದು ಸಲ ಉಲ್ಟಾ ಆಗೋ ಪಂದ್ಯ.

ಶೇಕಡಾವನ್ನು ಆಡ್ಸ್ ಮಾಡೋದು ಸುಲಭ, ಒಂದನ್ನು ಅದರಿಂದ ಭಾಗಿಸಿ. 97% ಅಂದ್ರೆ 1.03, 82% ಅಂದ್ರೆ 1.22. ಕಣ್ಣಿಗೆ ಅಂಥ ವ್ಯತ್ಯಾಸವೇ ಇಲ್ಲ. ಎದುರು ಪಕ್ಷ ನೋಡಿ: ಭಾರತದ 3% ಅಂದ್ರೆ 33, 18% ಅಂದ್ರೆ 5.6. ಅದೇ ಹೊರಳಾಟ ಒಂದು ಕಡೆ ಇರುವೆ, ಇನ್ನೊಂದು ಕಡೆ ಆನೆ. ಬಾಜಿ ಕಂಪನಿಗಳು ಈ ದರವನ್ನು ಹಾಗೇ ಕೊಡೋದೂ ಇಲ್ಲ. ಎರಡು ತಂಡಕ್ಕೆ 1.80 ಮತ್ತು 2.00 ಅಂತ ಇದ್ದರೆ ಭಾಗಿಸಿ ಕೂಡಿ ನೋಡಿ, 100 ಬರೋದಿಲ್ಲ, 105 ದಾಟುತ್ತೆ. ಮೇಲಿನ ಐದು ಚಿಲ್ಲರೆ ಅವರ ಪಾಲು, ಯಾರು ಗೆದ್ದರೂ. ವಿಕೆಟ್ ಬಿದ್ದ ಕ್ಷಣಕ್ಕೆ ಅವರು ದರವನ್ನೇ ಮುಚ್ಚಿಡುತ್ತಾರೆ, ಹೊಸ ಲೆಕ್ಕ ಆದ ಮೇಲೆ ತೆರೆಯುತ್ತಾರೆ. ನಮ್ಮ ಟೀವಿಗೆ ಬರೋ ಚಿತ್ರ ಹೇಗೂ ಕೆಲವು ಸೆಕೆಂಡ್ ಹಳೆಯದು. ಇಲ್ಲಿ ಜಾಹೀರಾತು ಎಷ್ಟೇ ಬರಲಿ, ಮನೆಯಲ್ಲಿ ಕೂತು ಅವರಿಗಿಂತ ಮೊದಲು ತಿಳಿದುಕೊಳ್ಳೋ ದಾರಿ ನಮಗಿಲ್ಲ.

ಕೊನೆಯ ಓವರಿಗೆ ಬರೋಣ, 6 ಎಸೆತ, 16 ರನ್. ನಮ್ಮ ಅಂದಾಜು ದಾರಿ ಇಲ್ಲಿ ಮುಗ್ಗರಿಸುತ್ತೆ. ಗಂಟೆಯಾಕಾರದ ರೇಖೆ ಹಿಡಿದರೆ 2% ಚಿಲ್ಲರೆ ಬರುತ್ತೆ. ಆದರೆ ರನ್ನಿನ ಹಂಚಿಕೆ ಗಂಟೆಯ ಹಾಗಿಲ್ಲ, ಸಿಕ್ಸರಿನ ಕಡೆಗೆ ಬಾಲ ಎಳೆದಿದೆ. ಆ ವಾಲಿಕೆ ಸೇರಿಸಿದರೆ ಸುಮಾರು 4%. ಎರಡೂ ಸಣ್ಣದೇ ಅನ್ನಬೇಡಿ. ಆಡ್ಸ್‌ನಲ್ಲಿ ಅದು 40ರ ಮೇಲಿದ್ದದ್ದು 25ರ ಹತ್ತಿರಕ್ಕೆ ಬಂದ ಹಾಗೆ. ತುದಿಗಳಲ್ಲಿ ಇಂಥ ಮಾದರಿಗಳನ್ನು ನಂಬಬಾರದು ಅಂತ ನಾವು ಹೇಳೋದು ಇದಕ್ಕೇ. ಅದೂ ಕ್ರೀಸಿನಲ್ಲಿ ಮಿಲ್ಲರ್ ಇದ್ದ. ಮೊದಲ ಎಸೆತವನ್ನೇ ಎತ್ತಿ ಹೊಡೆದ. ಲಾಂಗ್ ಆಫ್ ಗಡಿಯಲ್ಲಿ ಸೂರ್ಯಕುಮಾರ್ ಹಿಡಿದು, ಮೇಲಕ್ಕೆ ಎಸೆದು, ಹೊರಗೆ ಕಾಲಿಟ್ಟು, ಒಳಗೆ ಬಂದು ಮತ್ತೆ ಹಿಡಿದ. ಅದು ಸಿಕ್ಸರ್ ಆಗಿದ್ದರೆ 5ಕ್ಕೆ 10. ಆದದ್ದು 5ಕ್ಕೆ 16.

ಹಾಗಾದರೆ 97% ಅಂದವರು ತಪ್ಪಾ? ಒಂದು ಪಂದ್ಯದಿಂದ ಅದನ್ನು ಹೇಳೋಕಾಗಲ್ಲ. ಸರಿ ಪರೀಕ್ಷೆ ಹೀಗೆ: ಒಂದು ಮಾದರಿ 80% ಅಂದ ಸಾವಿರ ಕ್ಷಣಗಳನ್ನು ಬೇರೆ ಬೇರೆ ಪಂದ್ಯಗಳಿಂದ ಆರಿಸಿ ಇಡಿ, ಅವುಗಳಲ್ಲಿ ಎಷ್ಟು ಸಲ ಆ ತಂಡ ಗೆದ್ದಿತು ಎಣಿಸಿ. 800ರ ಹತ್ತಿರ ಬರಬೇಕು. 900 ಬಂದರೆ ಮಾದರಿ ಹೆದರುಪುಕ್ಕಲ, 700 ಬಂದರೆ ಅತಿ ಧೈರ್ಯದ್ದು. ಒಂದೇ ಪಂದ್ಯದ ಅಕ್ಕಪಕ್ಕದ ಎಸೆತಗಳನ್ನು ಬೇರೆ ಬೇರೆ ಸಾಕ್ಷಿ ಅಂತ ಎಣಿಸಬಾರದು. ಅವು ಒಂದೇ ಫಲಿತಾಂಶದ ಮಕ್ಕಳು. ಲ್ಯಾಬಿನಲ್ಲಿ ಒಂದೇ ಇಲಿಯ ಹತ್ತು ಸ್ಯಾಂಪಲ್ ತಗೊಂಡು ಹತ್ತು ಇಲಿ ಅಂತ ಬರೆದ ಹಾಗಾಗುತ್ತೆ, ಅದನ್ನು ಮಾಡಿ ಬೈಸಿಕೊಂಡವರು ನಮ್ಮಲ್ಲೇ ಒಬ್ಬರಿದ್ದಾರೆ.

ಅಂದಹಾಗೆ ಆ ದಿನ ಕುಕ್ಕರ್ ನಾಲ್ಕು ಸೀಟಿ ಹೊಡೆದರೂ ಯಾರೂ ಎದ್ದು ಹೋಗಲಿಲ್ಲ. ಅನ್ನ ತಳ ಹಿಡಿದಿತ್ತು. ಮುಂದಿನ ಸಂಚಿಕೆಯಲ್ಲಿ ಸಿಗೋಣ.